ಈಗ ಇರುವುದು ಒಂಬತ್ತು, ಒಂದು ಮನೆಗೆ ಒಂದು: ಮರಳಿ ಬಂದ ಕಪ್ಪು ಇಳಕಲ್ ಸೀರೆಯ ಪ್ರಕಟಣೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ತಮ್ಮ ಮನೆಯ ಹೊರಕೋಣೆಯಲ್ಲೇ ಕೈಮಗ್ಗದ ಸೀರೆ ಮಾರುವ ಅಕ್ಕನೊಬ್ಬರ ಲೆಕ್ಕಪತ್ರವನ್ನೂ, ಅವರು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಬರಹವನ್ನೂ ನಾಲ್ಕು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅವರ ತವರು ಬಾಗಲಕೋಟೆ ಜಿಲ್ಲೆ. ಸೀರೆಗಳು ಬರುವುದು ಇಳಕಲ್ಲಿನಿಂದ. ಕೊಳ್ಳುವವರಲ್ಲಿ ಅರ್ಧದಷ್ಟು ಜನ ಇಲ್ಲಿಯ ಕನ್ನಡದ ಮನೆಯವರು, ಇನ್ನರ್ಧ ಈ ಸೀರೆಯನ್ನು ‘ಇರಕಲ್’ ಎಂದೇ ಕರೆಯುವ ಮರಾಠಿ ಮನೆಯವರು. ಒಮ್ಮೆ ಖಾಲಿಯಾದ ನೇಯ್ಗೆ ಮರಳಿ ಬಂದಾಗ ಅದನ್ನು ತಿಳಿಸುವ ನಾಲ್ಕು ಸಾಲು ಬರೆಯುವುದು ಸುಲಭದ ಕೆಲಸವೆಂದು ಡಿಸೆಂಬರಿನವರೆಗೂ ನಾನು ತಿಳಿದಿದ್ದೆ. ಡಿಸೆಂಬರಿನಲ್ಲಿ ನಾನು ಬರೆದ ಕ್ಯಾಪ್ಶನ್ ಎಲ್ಲಿ ಕೆಟ್ಟಿತು, ಜನವರಿಯಲ್ಲಿ ಅದೇ ಸೀರೆಗೆ ಬರೆದದ್ದು ಹೇಗೆ ಬೇರೆಯಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತೇನೆ.

ಸೀರೆ ಯಾವುದೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಸಂಖ್ಯೆಯ ಮಿತಿ ಹುಟ್ಟುವುದೇ ಅದರ ನೇಯ್ಗೆಯಿಂದ. ಕಪ್ಪು ನೂಲಿನ ಒಡಲು, ಕೆಂಪು ರೇಷ್ಮೆಯ ಚಿಕ್ಕಿ ಪರಾಸ ದಡಿ, ಕೆಂಪು ರೇಷ್ಮೆಯಲ್ಲಿ ಬಿಳಿ ಮೂಡಿದ ಟೋಪ ತೆನಿ ಸೆರಗು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು; ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಕಪ್ಪು ಎಳೆ ಮುಗಿಯುವಲ್ಲಿ ಸೆರಗಿನ ಕೆಂಪು ಎಳೆಯನ್ನು ಕೊಂಡಿ ಹಾಕಿ, ಒಂದೊಂದಾಗಿ ಜೋಡಿಸುತ್ತಾರೆ. ಆದುದರಿಂದ ಉದ್ದನೆಯ ಹಾಸೊಂದನ್ನು ಮಗ್ಗಕ್ಕೆ ಏರಿಸಿ ಹತ್ತು ಸೀರೆಯನ್ನು ಸರಸರನೆ ನೇಯ್ದು ಕತ್ತರಿಸಿಕೊಳ್ಳಲು ಬರುವುದಿಲ್ಲ; ಪ್ರತಿ ಸೀರೆಗೂ ಹಾಸು ಹೊಸದಾಗಿ ಸಿದ್ಧವಾಗಬೇಕು, ಪ್ರತಿ ಸೀರೆಗೂ ಕೊಂಡಿ ಹೊಸದಾಗಿ ಬೀಳಬೇಕು. ನಮಗೆ ನೇಯ್ದು ಕೊಡುವ ಕಾಕಾ ಅವರ ಲೆಕ್ಕದಲ್ಲಿ, ಹಾಸಿನಿಂದ ಹಿಡಿದು ಮಡಿಕೆಯವರೆಗೆ, ಈ ಸೀರೆಗೆ ಒಂದು ಮಗ್ಗದ ಮೂರು ದಿನ ಬೇಕು.

ಕಪ್ಪಿಗೆ ಬೇಡಿಕೆ ಬರುವ ಕಾಲವೂ ಗೊತ್ತಿರುವುದೇ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಉಡುವ ಪದ್ಧತಿಯಿದೆ, ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಹಳದಿಕುಂಕುಮದ ಕರೆಗಳಿರುತ್ತವೆ. ನಮ್ಮ ಕಡೆಯ ಹಿರಿಯರು ಹಬ್ಬದ ದಿನ ಕಪ್ಪೇ ಎಂದು ಹಿಂಜರಿದರೂ, ಇಲ್ಲಿ ಬೆಳೆದ ಹೆಣ್ಣುಮಕ್ಕಳು ಈಗ ತಾವೇ ಕೇಳಿ ಕೊಳ್ಳುತ್ತಾರೆ. ನವೆಂಬರ್ ಕೊನೆಯಲ್ಲಿ ಬಂದ 12 ಸೀರೆ ಮೂರೇ ದಿನಗಳಲ್ಲಿ ಮುಗಿದವು.

ಡಿಸೆಂಬರ್ ನಡುವೆ, ಮಾದರಿಗೆ ಇಟ್ಟ ಒಂದನ್ನು ಬಿಟ್ಟು, 18 ಸೀರೆ ಮರಳಿ ಬಂದವು. ಅಂದು ನಾನು ಬರೆದದ್ದು ಇಷ್ಟು: ‘ನೀವೆಲ್ಲ ಕಾಯುತ್ತಿದ್ದ ಕಪ್ಪು ಇಳಕಲ್ ಮತ್ತೆ ಬಂದಿದೆ! ಸ್ಟಾಕ್ ಸೀಮಿತವಾಗಿದೆ, ಬೇಗ ಬುಕ್ ಮಾಡಿ. ಬೆಲೆ ₹3,200.’ ಕೆಳಗೆ ಫೋನ್ ನಂಬರ್ ಮತ್ತು ಹಣ ಕಳುಹಿಸುವ ಯುಪಿಐ ವಿಳಾಸ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೂ ಇನ್‌ಸ್ಟಾಗ್ರಾಮ್‌ಗೂ ಅದನ್ನು ಒಟ್ಟಿಗೇ ಹಾಕಿದೆವು. ಎರಡು ಗಂಟೆಯೊಳಗೆ 24 ಜನರಿಂದ ಹಣ ಬಂದಿತ್ತು. ಇದ್ದ ಸೀರೆ 18. ಅದರಲ್ಲಿ ಐದನ್ನು ಒಬ್ಬರೇ ಕೊಂಡಿದ್ದರು. ಅವರು ಅವನ್ನು ಹೆಚ್ಚಿನ ಬೆಲೆಗೆ ಮಾರುವವರೆಂದು ನಮಗೆ ತಿಳಿದದ್ದು ಆಮೇಲೆ. ಕೊನೆಗೆ ಹತ್ತು ಜನರಿಗೆ ಹಣ ಹಿಂದಿರುಗಿಸಬೇಕಾಯಿತು. ಹಣ ಅಂದೇ ಹಿಂದಿರುಗಿತು, ಆದರೆ ಮೊದಲಿನಿಂದಲೂ ಅಕ್ಕನ ಬಳಿಯೇ ಸೀರೆ ಕೊಳ್ಳುತ್ತಿದ್ದ ಹಿರಿಯರೊಬ್ಬರು ಫೋನಿನಲ್ಲಿ ಆಡಿದ ಮಾತು ಅಕ್ಕನಿಗೆ ಬಹಳ ನಾಟಿತು. “ರೊಕ್ಕಾ ತೊಗೊಂಡ ಮ್ಯಾಲ ಇಲ್ಲ ಅಂತೀರಲ್ಲವಾ, ಎಷ್ಟ ಅದಾವ ಅಂತ ಮೊದಲ ಹೇಳಬೇಕಿತ್ತಿಲ್ಲೋ?”

ತಪ್ಪನ್ನು ಹುಡುಕುವಾಗ ಮೊದಲಿಗೆ ಎಲ್ಲರೂ ‘ಸಂಖ್ಯೆ ಬರೆದಿರಲಿಲ್ಲ’ ಎಂದೇ ಹೇಳಿದರು. ಅದು ನಿಜ, ಆದರೆ ಅದೊಂದೇ ಅಲ್ಲ. 18 ಎಂದು ಬರೆದಿದ್ದರೂ ಅದೇ ಗೊಂದಲ ಆಗುತ್ತಿತ್ತು. ನಿಜವಾದ ದೋಷಗಳು ಎರಡು. ಮೊದಲನೆಯದು, ಸರದಿಗಳು ಎರಡಿದ್ದವು: ವಾಟ್ಸಾಪ್‌ಗೆ ಅಕ್ಕ ಉತ್ತರಿಸುತ್ತಿದ್ದರು, ಇನ್‌ಸ್ಟಾಗ್ರಾಮ್‌ನ ಸಂದೇಶಗಳಿಗೆ ಅವರ ಮಗ ಕಾಲೇಜಿನಿಂದಲೇ ಉತ್ತರಿಸುತ್ತಿದ್ದ, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ‘ಇನ್ನೂ ಇವೆ’ ಎಂದುಕೊಂಡಿದ್ದರು. ಎರಡನೆಯದು, ಸೀರೆ ಯಾವ ಗಳಿಗೆಯಲ್ಲಿ ಕೊಳ್ಳುವವರದಾಗುತ್ತದೆ ಎಂಬುದನ್ನು ನಾವು ಎಲ್ಲಿಯೂ ಹೇಳಿರಲಿಲ್ಲ. ‘ನನಗೊಂದು’ ಎಂದು ಕಾಮೆಂಟ್ ಹಾಕಿದವರು ತಮ್ಮದಾಯಿತೆಂದು ತಿಳಿದರು, ಸಂದೇಶ ಕಳುಹಿಸಿದವರು ತಮ್ಮದಾಯಿತೆಂದು ತಿಳಿದರು, ಯುಪಿಐ ವಿಳಾಸ ಕಣ್ಣೆದುರಿಗೇ ಇದ್ದುದರಿಂದ ಯಾರನ್ನೂ ಕೇಳದೆ ಹಣ ಹಾಕಿದವರಂತೂ ಇನ್ನೂ ಹೆಚ್ಚು ನಂಬಿಕೆಯಿಂದ ತಮ್ಮದೆಂದು ತಿಳಿದರು. ಅವರಲ್ಲಿ ಯಾರ ಎಣಿಕೆಯೂ ತಪ್ಪಲ್ಲ. ಮಾರುವವರು ಹೇಳದೆ ಬಿಟ್ಟದ್ದನ್ನು ಕೊಳ್ಳುವವರು ತಮ್ಮ ಅನುಕೂಲಕ್ಕೆ ತಕ್ಕಂತೆ ತುಂಬಿಕೊಳ್ಳುವುದು ಸಹಜ.

ಹಣ ಹಿಂದಿರುಗಿಸಿದ ಆ ಹತ್ತು ಜನರ ಹೆಸರನ್ನು ಅಕ್ಕ ಒಂದು ನೂರು ಪುಟದ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಬರೆದರು. ಆ ಬಳಿಕ ‘ಮತ್ತೆ ಬಂದರೆ ಹೇಳಿ’ ಎಂದ ಪ್ರತಿಯೊಬ್ಬರ ಹೆಸರೂ, ಕೇಳಿದ ದಿನವೂ ಅದೇ ಪುಸ್ತಕಕ್ಕೆ ಸೇರಿದವು. ತಿಂಗಳ ಕೊನೆಗೆ 31 ಹೆಸರಾದವು. ಕಾಕಾ ಅವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಸ್ಪಷ್ಟವಾಗಿತ್ತು: “ನಾಕ ಮಗ್ಗ ಹಚ್ಚೇನ್ರಿ ಅಕ್ಕಾರ, ಮಗ್ಗಕ್ಕ ಆರರಂಗ ಇಪ್ಪತ್ತನಾಕ ಆಗತಾವ. ಅದರ ಮ್ಯಾಲ ಒಂದ ಕೇಳಬ್ಯಾಡ್ರಿ, ಸಂಕ್ರಮಣದೊಳಗ ಆಗಂಗಿಲ್ಲ.”

ಜನವರಿ 3ರ ಬೆಳಿಗ್ಗೆ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಗಂಟು ಬಂತು. ಅಂದು ಕ್ಯಾಪ್ಶನ್ ಬರೆಯಲಿಲ್ಲ. ಮೊದಲು ಚಾಪೆ ಹಾಸಿ, ಟ್ಯೂಬ್‌ಲೈಟಿನ ಕೆಳಗೆ 24 ಸೀರೆಯನ್ನೂ ಒಂದೊಂದಾಗಿ ಬಿಚ್ಚಿದೆವು. ನೋಡುವ ಜಾಗ ಮುಖ್ಯವಾಗಿ ಒಂದೇ: ಒಡಲು ಮುಗಿದು ಸೆರಗು ಶುರುವಾಗುವ ಗೆರೆ. ಸೀರೆಯನ್ನು ಮಗುಚಿ ಹಿಂಬದಿಯಿಂದ ನೋಡಿದರೆ ಕಪ್ಪು ಎಳೆಗಳು ಅಲ್ಲಿಗೆ ನಿಂತು, ಕೊಂಡಿಯ ಸಣ್ಣ ಸಣ್ಣ ಬಳಸುಗಳ ಆಚೆಗೆ ಬರೀ ಕೆಂಪು ಎಳೆಗಳೇ ಸಾಗುತ್ತವೆ; ಬೆರಳಾಡಿಸಿದರೆ ಅಲ್ಲೊಂದು ತೆಳುವಾದ ಏರು ತಿಳಿಯುತ್ತದೆ. ಒಂದೇ ಹಾಸಿನಲ್ಲಿ ತುದಿಯವರೆಗೂ ನೇಯ್ದ ಅನುಕರಣೆಯ ಸೀರೆಯಲ್ಲಿ ಈ ಏರು ಇರುವುದಿಲ್ಲ, ಒಡಲಿನ ಕಪ್ಪು ಎಳೆ ಸೆರಗಿನೊಳಗೂ ನುಗ್ಗಿ ಕೆಂಪನ್ನು ಮಂಕು ಮಾಡಿರುತ್ತದೆ. ಆ ಗೆರೆಯ ಹತ್ತಿರದ ಫೋಟೊವನ್ನೇ ಪ್ರಕಟಣೆಯ ಮೊದಲ ಫೋಟೊ ಮಾಡಬೇಕೆಂದು ಅಲ್ಲೇ ಕುಳಿತು ತೀರ್ಮಾನಿಸಿದೆವು, ಏಕೆಂದರೆ ‘ಕೈಮಗ್ಗ’ ಎಂಬ ಪದವನ್ನು ಯಾರು ಬೇಕಾದರೂ ಬರೆಯಬಹುದು, ಆ ಕೊಂಡಿಯ ಸಾಲನ್ನು ತೋರಿಸುವುದು ಇದ್ದವರಿಗೆ ಮಾತ್ರ ಸಾಧ್ಯ.

ಒಂದು ಸೀರೆಯಲ್ಲಿ ಆ ಗೆರೆಯ ಬಳಿ ನಾಲ್ಕು ಬೆರಳಗಲದಷ್ಟು ಜಾಗದಲ್ಲಿ ಕೊಂಡಿಗಳು ಸಡಿಲಗೊಂಡು, ಎಳೆದಾಗ ಬೆಳಕು ಕಾಣುತ್ತಿತ್ತು. ಅದನ್ನು ಬದಿಗಿಟ್ಟೆವು. ಇನ್ನೊಂದನ್ನು ಬಂದವರಿಗೆ ತೋರಿಸಲು, ಮುಟ್ಟಿ ನೋಡಲು ಇಡಬೇಕಿತ್ತು. ಹತ್ತು ಜನ ಮುಟ್ಟಿದ ಸೀರೆಯನ್ನು ಹೊಸದೆಂದು ಮಾರಲು ಅಕ್ಕ ಒಪ್ಪುವುದಿಲ್ಲ. ಉಳಿದದ್ದು 22. ಇನ್ನೂ ಒಂದು ಸಂಗತಿ ಅಲ್ಲಿಯೇ ಕಂಡಿತು. ಮಾದರಿಗೆಂದು ಉಳಿದಿದ್ದ ಡಿಸೆಂಬರಿನ ಸೀರೆಯ ಪಕ್ಕದಲ್ಲಿಟ್ಟಾಗ ಹೊಸ ಸೀರೆಗಳ ಸೆರಗಿನ ಕೆಂಪು ಒಂದು ಮಟ್ಟ ಗಾಢವಾಗಿತ್ತು. ರೇಷ್ಮೆಗೆ ಬಣ್ಣ ಹಾಕುವುದು ಸರದಿಯ ಪ್ರಕಾರ, ಒಂದು ಸಲಕ್ಕೆ ಒಂದಿಷ್ಟು. ಒಂದು ಸರದಿಯ ಕೆಂಪು ಇನ್ನೊಂದರ ಕೆಂಪಿಗೆ ಕೂದಲೆಳೆಯಷ್ಟೂ ಬದಲಾಗದೆ ಕೂಡುವುದು ಅಪರೂಪ. ಕಪ್ಪು ಒಡಲಿನಲ್ಲಿ ಇಂತಹ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ, ಕೆಂಪಿನಲ್ಲಿ ಬೀಳುತ್ತದೆ. ಹಾಗಾಗಿ ‘ಅದೇ ಸೀರೆ ಮತ್ತೆ ಬಂದಿದೆ’ ಎಂದು ಬರೆಯುವಂತಿರಲಿಲ್ಲ. ನೇಯ್ಗೆ ಅದೇ, ಬಣ್ಣದ ಸರದಿ ಬೇರೆ. ಹಳೆಯ ಫೋಟೊಗಳನ್ನು ಮತ್ತೆ ಬಳಸುವ ಆಸೆಯನ್ನೂ ಇದು ತಡೆಯಿತು. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಹೊಸ ಫೋಟೊ ತೆಗೆದೆವು.

ಇನ್ನು ಪ್ರಶ್ನೆ, ಯಾವ ಸಂಖ್ಯೆಯನ್ನು ಪ್ರಕಟಿಸುವುದು. ಪುಸ್ತಕದಲ್ಲಿ 31 ಜನ, ಕೈಯಲ್ಲಿ 22 ಸೀರೆ. ಎಲ್ಲರಿಗೂ ಒಟ್ಟಿಗೇ ತೆರೆದಿಟ್ಟರೆ ಡಿಸೆಂಬರಿನಲ್ಲಿ ಹಣ ಕೊಟ್ಟೂ ಬರಿಗೈಯಲ್ಲಿ ಹೋದವರು ಮತ್ತೊಮ್ಮೆ ಓಟಕ್ಕೆ ನಿಲ್ಲಬೇಕಾಗುತ್ತಿತ್ತು. 22 ಎಂದು ಸಾರಿ, ಒಳಗಿಂದೊಳಗೆ ಅರ್ಧವನ್ನು ಪರಿಚಯದವರಿಗೆ ಕೊಟ್ಟರೆ, ಪ್ರಕಟಣೆ ಬಂದ ಗಳಿಗೆಯಲ್ಲೇ ಸಂದೇಶ ಕಳುಹಿಸಿಯೂ ಸಿಗದವರಿಗೆ ಅದು ಮೋಸವಾಗಿಯೇ ಕಾಣುತ್ತದೆ, ಮತ್ತು ಹಾಗೆ ಕಾಣುವುದು ನ್ಯಾಯವೇ. ಅಕ್ಕ ಕಂಡುಕೊಂಡ ದಾರಿ ಇದು: ಜನವರಿ 3ರ ರಾತ್ರಿಯೇ ಪುಸ್ತಕದ 31 ಜನರಿಗೂ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ, 4ರ ರಾತ್ರಿ 8ರವರೆಗೆ ಸಮಯ ಕೊಡುವುದು, ಹೆಸರು ಬರೆಸಿದ ಕ್ರಮದಲ್ಲಿಯೇ ಕೊಡುವುದು, ಮಿಕ್ಕದ್ದನ್ನಷ್ಟೇ 5ರಂದು ಸಾರುವುದು. ಅದರಂತೆ 13 ಜನ ತೆಗೆದುಕೊಂಡರು, ಡಿಸೆಂಬರಿನ ಹತ್ತರಲ್ಲಿ ಎಂಟು ಜನ ಅವರಲ್ಲಿದ್ದರು. 11 ಜನ ಬೇರೆ ಕಡೆ ಕೊಂಡಾಯಿತೆಂದೋ ಈಗ ಬೇಡವೆಂದೋ ತಿಳಿಸಿದರು. ಏಳು ಜನ ಉತ್ತರಿಸಲಿಲ್ಲ. ಉಳಿದ ಸೀರೆ ಒಂಬತ್ತು.

ಈ ಸಂದೇಶಗಳನ್ನು ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸದೆ ಒಬ್ಬೊಬ್ಬರಿಗೇ ಕಳುಹಿಸಿದ್ದಕ್ಕೆ ಕಾರಣವಿದೆ. ವಾಟ್ಸಾಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದಾದರೂ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ‘ಬಂದರೆ ಹೇಳಿ’ ಎಂದು ಇನ್‌ಸ್ಟಾಗ್ರಾಮ್‌ನಿಂದ ಬಂದವರಲ್ಲಿ ಅನೇಕರು ನಂಬರ್ ಉಳಿಸಿಕೊಂಡಿರುವುದಿಲ್ಲ. ಡಿಸೆಂಬರಿನಲ್ಲಿ ‘ನಮಗೆ ಹೇಳಲೇ ಇಲ್ಲ’ ಎಂದವರ ದೂರಿಗೆ ಇದೇ ಮೂಲ ಇದ್ದೀತೆಂದು ನನ್ನ ಅಂದಾಜು.

ಜನವರಿ 5ರ ಬೆಳಿಗ್ಗೆ 11ಕ್ಕೆ ಹಾಕಿದ ಕ್ಯಾಪ್ಶನ್ ಪೂರ್ತಿಯಾಗಿ ಹೀಗಿತ್ತು. ಮರಾಠಿಯಲ್ಲಿ ಇದೇ ಸಾಲುಗಳನ್ನು ಇದರ ಕೆಳಗೆ ಹಾಕಿದ್ದೆವು.

‘ಕಪ್ಪು ಇಳಕಲ್, ಚಿಕ್ಕಿ ಪರಾಸ ದಡಿ, ಮರಳಿ ಬಂದಿದೆ. ಈಗ ಇರುವುದು 9 ಸೀರೆ. ಒಂದು ಮನೆಗೆ ಒಂದು.

ಈ ಸಲ ಬಂದ ಸೀರೆ 24. ಅದರಲ್ಲಿ ಒಂದರ ಸೆರಗಿನ ಜೋಡಣೆಯಲ್ಲಿ ದೋಷವಿದೆ, ಒಂದನ್ನು ಮಾದರಿಗೆ ಇಟ್ಟಿದ್ದೇವೆ, 13 ಸೀರೆ ಮೊದಲೇ ಹೆಸರು ಬರೆಸಿದ್ದವರಿಗೆ ಹೋಗಿವೆ.

ನೂಲಿನ ಒಡಲು, ರೇಷ್ಮೆಯ ದಡಿ, ರೇಷ್ಮೆಯ ಟೋಪ ತೆನಿ ಸೆರಗು. ಕೈಮಗ್ಗ. ಆರು ವಾರ ಉದ್ದ. ಜೊತೆಗೆ ಕುಬಸದ ಬಟ್ಟೆ ಇಲ್ಲ. ಸೆರಗಿನ ಕೆಂಪು ಡಿಸೆಂಬರಿನ ಸೀರೆಗಿಂತ ತುಸು ಗಾಢ. ದಯವಿಟ್ಟು ಇಂದಿನ ಫೋಟೊಗಳನ್ನೇ ನೋಡಿ ನಿರ್ಧರಿಸಿ.

ಬೆಲೆ ₹3,200. ಮುಂಬೈ, ಠಾಣೆ, ಪುಣೆಗೆ ಕೊರಿಯರ್ ಖರ್ಚು ಇದರಲ್ಲೇ ಸೇರಿದೆ.

ಬುಕಿಂಗ್ ವಾಟ್ಸಾಪ್‌ನಲ್ಲಿ ಮಾತ್ರ. “ಕಪ್ಪು” ಎಂದು ಬರೆದು ಪೂರ್ತಿ ವಿಳಾಸ ಕಳುಹಿಸಿ. ಸಂದೇಶ ಬಂದ ಕ್ರಮದಲ್ಲಿ ಉತ್ತರಿಸುತ್ತೇವೆ. “ನಿಮಗೆ ಸೀರೆ ಇದೆ” ಎಂಬ ನಮ್ಮ ಉತ್ತರದ ಜೊತೆಗೇ ಹಣ ಕಳುಹಿಸುವ ವಿವರ ಬರುತ್ತದೆ. ಉತ್ತರ ಬಂದ 30 ನಿಮಿಷದೊಳಗೆ ಹಣ ತಲುಪದಿದ್ದರೆ ಆ ಸೀರೆ ಸರದಿಯಲ್ಲಿ ಅವರ ನಂತರದವರಿಗೆ. ಕಾಮೆಂಟ್‌ನಲ್ಲಿ ಬರೆದರೆ ಬುಕಿಂಗ್ ಆಗುವುದಿಲ್ಲ.

ನಾಳೆ ರಾತ್ರಿ 8ರ ನಂತರವೂ ಉಳಿದಿದ್ದರೆ ಒಂದೇ ಮನೆಯವರು ಎರಡನೆಯದನ್ನು ಕೇಳಬಹುದು.

ಜನವರಿ 9ರೊಳಗೆ ಕೊರಿಯರ್‌ಗೆ ಕೊಡುತ್ತೇವೆ. ಮುಂಬೈ, ಠಾಣೆ, ಪುಣೆಯ ಹೊರಗಿನವರಿಗೆ ಸಂಕ್ರಾಂತಿಯೊಳಗೆ ತಲುಪುವ ಭರವಸೆ ಕೊಡಲಾರೆವು. ಸಂಕ್ರಾಂತಿಗೆ ಮುನ್ನ ಈ ನೇಯ್ಗೆ ಇನ್ನೊಮ್ಮೆ ಬರುವುದಿಲ್ಲ.’

ಮೊದಲ ಸಾಲಿನ ಬಗ್ಗೆ ನಾವು ಹೆಚ್ಚು ಹೊತ್ತು ಮಾತನಾಡಿದೆವು. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊದ ಕೆಳಗೆ ಕ್ಯಾಪ್ಶನ್ನಿನ ಆರಂಭ ಮಾತ್ರ ಕಾಣುತ್ತದೆ, ಉಳಿದದ್ದು more ಎಂಬುದನ್ನು ಒತ್ತಿದವರಿಗಷ್ಟೇ. ‘ನೀವೆಲ್ಲ ಕಾಯುತ್ತಿದ್ದ’ ಎಂದು ಶುರುಮಾಡಿದ ನನ್ನ ಡಿಸೆಂಬರಿನ ಬರಹದಲ್ಲಿ ಆ ಅಮೂಲ್ಯವಾದ ಜಾಗವೆಲ್ಲ ಸಂಭ್ರಮಕ್ಕೇ ಹೋಗಿತ್ತು. ಈ ಸಲ ಅಲ್ಲಿ ಮೂರೇ ಸಂಗತಿ: ಯಾವ ಸೀರೆ, ಈಗ ಎಷ್ಟು, ಒಬ್ಬರಿಗೆ ಎಷ್ಟು. ಬೆಲೆಯನ್ನು ಕೂಡ ಕೆಳಗೆ ಬಿಟ್ಟೆ, ಏಕೆಂದರೆ ಕೊಳ್ಳಬೇಕೆಂದಿರುವವರು ಬೆಲೆಗಾಗಿ ಖಂಡಿತ ಒತ್ತಿ ಓದುತ್ತಾರೆ, ಮಿತಿಗಾಗಿ ಓದುವುದಿಲ್ಲ.

‘ಒಬ್ಬರಿಗೆ ಒಂದು’ ಎಂದು ಬರೆಯದೆ ‘ಒಂದು ಮನೆಗೆ ಒಂದು’ ಎಂದು ಬರೆದದ್ದು ಯೋಚಿಸಿಯೇ. ಒಬ್ಬರಿಗೆ ಎಂದರೆ ನಾವು ಎಣಿಸುವುದು ಫೋನ್ ನಂಬರುಗಳನ್ನು, ನಂಬರುಗಳು ಒಂದು ಮನೆಯಲ್ಲಿ ಐದು ಇರುತ್ತವೆ. ಸೀರೆ ಹೋಗಿ ಮುಟ್ಟುವ ವಿಳಾಸವನ್ನು ಎಣಿಸಿದರೆ ಕೊಂಡು ಮತ್ತೆ ಮಾರುವವರ ಕೈಗೆ ಗಂಟು ಸೇರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ, ಅದಕ್ಕಾಗಿಯೇ ಮೊದಲ ಸಂದೇಶದಲ್ಲೇ ಪೂರ್ತಿ ವಿಳಾಸ ಕೇಳಿದ್ದು. ಇದರಿಂದ ನೊಂದವರೂ ಇದ್ದಾರೆ. ಒಬ್ಬ ಅತ್ತೆ ತಮಗೂ ಸೊಸೆಗೂ ಒಂದೇ ಥರದ ಸೀರೆ ಉಟ್ಟು ಹಳದಿಕುಂಕುಮಕ್ಕೆ ಹೋಗಬೇಕೆಂದು ಎರಡು ಕೇಳಿದರು. ನಾಳೆ ರಾತ್ರಿ 8ರವರೆಗೆ ಕಾಯುವಂತೆ ಅಕ್ಕ ವಿನಯದಿಂದ ಹೇಳಿದಾಗ ಅವರು ಒಂದನ್ನೂ ಕೊಳ್ಳಲಿಲ್ಲ. ಆ ನಿರಾಕರಣೆ ಸರಿಯೇ ಎಂದು ನಾನು ಈಗಲೂ ಹೇಳುತ್ತೇನೆ. ಒಬ್ಬರ ಸದುದ್ದೇಶಕ್ಕಾಗಿ ಮಿತಿಯನ್ನು ಸಡಿಲಿಸಿದರೆ, ಇನ್ನೊಬ್ಬರ ಉದ್ದೇಶವನ್ನು ಅಳೆಯುವ ಕೆಲಸ ಮಾರುವವರ ತಲೆಗೆ ಬರುತ್ತದೆ.

ಸೀರೆ ಯಾವಾಗ ಕೊಳ್ಳುವವರದಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಣದ ವಿವರವನ್ನು ಕ್ಯಾಪ್ಶನ್ನಿನಿಂದ ತೆಗೆದದ್ದರಲ್ಲಿತ್ತು. ‘ಮೊದಲೇ ಹಣ ಕಳುಹಿಸಬೇಡಿ’ ಎಂದು ಬರೆದರೆ ಸಾಕೆಂದು ನಾನು ವಾದಿಸಿದ್ದೆ. ಯುಪಿಐ ವಿಳಾಸ ಕಣ್ಣೆದುರಿಗಿದ್ದರೆ ಜನ ಕಳುಹಿಸಿಯೇ ಕಳುಹಿಸುತ್ತಾರೆ ಎಂದು ಅಕ್ಕ ಒಪ್ಪಲಿಲ್ಲ. ಅವರ ಮಾತೇ ನಿಜವಾಯಿತು, ಆದರೆ ಬೇರೊಂದು ರೀತಿಯಲ್ಲಿ: ಡಿಸೆಂಬರಿನ ಪ್ರಕಟಣೆಯಿಂದ ವಿಳಾಸವನ್ನು ಉಳಿಸಿಕೊಂಡಿದ್ದ ಇಬ್ಬರು ಈ ಸಲವೂ ಕೇಳದೆಯೇ ಹಣ ಹಾಕಿದರು. ಅವರಿಗೆ ಸರದಿಯಲ್ಲಿ ಯಾವ ಆದ್ಯತೆಯೂ ಕೊಡದೆ, ಅವರ ಸಂದೇಶ ಬಂದ ಗಳಿಗೆಯನ್ನೇ ಲೆಕ್ಕಕ್ಕೆ ಹಿಡಿದೆವು. ಒಬ್ಬರಿಗೆ ಸೀರೆ ಸಿಕ್ಕಿತು, ಇನ್ನೊಬ್ಬರಿಗೆ ಹಣ ಹಿಂದಿರುಗಿತು.

ಎರಡನೆಯ ಪರಿಚ್ಛೇದದ ಲೆಕ್ಕ, ಅಂದರೆ 24ರಿಂದ 9ಕ್ಕೆ ಇಳಿದ ಬಗೆ, ಯಾರಿಗೆ ಬೇಕು ಎಂದು ಅಕ್ಕನ ಮಗ ಕೇಳಿದ. ‘4 ಮಾತ್ರ ಉಳಿದಿವೆ ಎಂದು ಹಾಕೋಣ, ಬೇಗ ಹೋಗುತ್ತವೆ, ಆಮೇಲೆ ಇನ್ನೈದನ್ನು ತೆರೆಯೋಣ’ ಎಂಬುದು ಅವನ ಸಲಹೆಯಾಗಿತ್ತು. ಸುಳ್ಳು ಕೊರತೆ ತೋರಿಸಿ ಕೊಳ್ಳುವವರನ್ನು ಅವಸರಪಡಿಸುವುದನ್ನು ಕೇಂದ್ರ ಸರ್ಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ, ಮತ್ತು ಆ ಮಾರ್ಗಸೂಚಿ ದೊಡ್ಡ ಆನ್‌ಲೈನ್ ಅಂಗಡಿಗಳನ್ನಷ್ಟೇ ಅಲ್ಲದೆ ಮಾರಾಟಗಾರರನ್ನೂ ಜಾಹೀರಾತುದಾರರನ್ನೂ ಒಳಗೊಂಡಿದೆ. ಅದನ್ನು ಅವನಿಗೆ ಹೇಳಿದೆ. ಆದರೆ ಅದಕ್ಕಿಂತ ಹತ್ತಿರದ ಕಾರಣವೂ ಇತ್ತು. ನಮ್ಮಲ್ಲಿ ಕೊಳ್ಳುವವರು ಒಬ್ಬರಿಗೊಬ್ಬರು ಪರಿಚಿತರು, ಒಂದೇ ಭಜನಾ ಮಂಡಳಿಯವರು, ಒಂದೇ ಲೋಕಲ್‌ನಲ್ಲಿ ಒಂದೇ ಮಹಿಳಾ ಡಬ್ಬಿಯಲ್ಲಿ ಹೋಗುವವರು. ನಾಲ್ಕೇ ಉಳಿದಿವೆ ಎಂದ ಅಕ್ಕನಿಂದ ಒಂಬತ್ತು ಜನ ಕೊಂಡದ್ದು ಕಲ್ಯಾಣ ದಾಟುವುದರೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಲೆಕ್ಕವನ್ನು ಬಿಡಿಸಿ ಬರೆದದ್ದರಿಂದ ಇನ್ನೊಂದು ಉಪಯೋಗವೂ ಆಯಿತು: 13 ಸೀರೆ ಹೆಸರು ಬರೆಸಿದವರಿಗೆ ಹೋದವು ಎಂದು ಓದಿದವರಲ್ಲಿ ಕೆಲವರು ‘ನಮ್ಮ ಹೆಸರನ್ನೂ ಬರೆದುಕೊಳ್ಳಿ’ ಎಂದು ಅಂದೇ ಕೇಳಿದರು.

11 ಗಂಟೆಯಿಂದ ಮುಂದಿನದ್ದನ್ನು ಚುಟುಕಾಗಿ ಹೇಳಬಹುದು. ಅಕ್ಕ ಫೋನ್ ಹಿಡಿದು ಕುಳಿತರು, ನಾನು ಪುಸ್ತಕದಲ್ಲಿ ಗಂಟೆ, ನಿಮಿಷ, ಹೆಸರು, ವಿಳಾಸ ಬರೆದುಕೊಳ್ಳುತ್ತ ಹೋದೆ. ಒಂದೇ ನಿಮಿಷದಲ್ಲಿ ಎರಡು ಮೂರು ಸಂದೇಶ ಬಂದಾಗ, ಅಕ್ಕನ ಫೋನಿಗೆ ಅವು ಬಂದಿಳಿದ ಕ್ರಮವನ್ನೇ ನಂಬಿದೆವು. ಅದಕ್ಕಿಂತ ನಿಖರವಾದ ಅಳತೆ ನಮ್ಮ ಬಳಿ ಇರಲಿಲ್ಲ, ಕೇಳಿದವರಿಗೂ ಹಾಗೆಯೇ ಹೇಳಿದೆವು. 11:40ರ ಹೊತ್ತಿಗೆ ಒಂಬತ್ತು ಜನರಿಗೂ ‘ನಿಮಗೆ ಸೀರೆ ಇದೆ’ ಎಂಬ ಉತ್ತರ ಹೋಗಿತ್ತು. ಏಳು ಜನರ ಹಣ ಕೂಡಲೇ ಬಂತು. ಎಂಟನೆಯವರು ಬ್ಯಾಂಕಿನ ತೊಂದರೆಯೆಂದು ತಿಳಿಸಿ, 30 ನಿಮಿಷ ಮುಗಿಯುವ ಮುನ್ನವೇ ಗಂಡನ ಫೋನಿನಿಂದ ಕಳುಹಿಸಿದರು. ಒಂಬತ್ತನೆಯವರಿಂದ ಏನೂ ಬರಲಿಲ್ಲ, ಅವರ ಸೀರೆ ಸರದಿಯ ಹತ್ತನೆಯವರಿಗೆ ಹೋಯಿತು. ಮಧ್ಯಾಹ್ನ 1ಕ್ಕೆ ಮಾರಾಟ ಮುಗಿದಿತ್ತು.

ಮುಗಿದ ಕೂಡಲೇ ಮಾಡಬೇಕಾದ ಕೆಲಸವೊಂದಿತ್ತು, ಡಿಸೆಂಬರಿನಲ್ಲಿ ಅದನ್ನು ಮಾಡಿರಲಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಶನ್ನನ್ನು ಆಮೇಲೂ ತಿದ್ದಬಹುದು. ಮೊದಲ ಸಾಲನ್ನು ‘ಕಪ್ಪು ಇಳಕಲ್: 9 ಸೀರೆಯೂ ಜನವರಿ 5ರ ಮಧ್ಯಾಹ್ನ 1ಕ್ಕೆ ಮುಗಿದಿವೆ. ಹೆಸರು ಬರೆಸಬಹುದು.’ ಎಂದು ಬದಲಿಸಿದೆ, ಕೆಳಗಿನದ್ದನ್ನು ಹಾಗೆಯೇ ಬಿಟ್ಟೆ. ವಾಟ್ಸಾಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷದ ನಂತರ ತಿದ್ದಲು ಬರುವುದಿಲ್ಲವಾದ್ದರಿಂದ ಅದೇ ಪಟ್ಟಿಗೆ ಇನ್ನೊಂದು ಸಾಲು ಕಳುಹಿಸಿದೆವು. ಸಂಜೆ ಕೆಲಸ ಮುಗಿಸಿ ಬಂದು ಫೋನ್ ನೋಡುವವರಿಗೆ ಇಲ್ಲದ ಸೀರೆಗಾಗಿ ಬರೆಯುವ ಶ್ರಮ ಉಳಿಯಿತು.

ಕ್ಯಾಪ್ಶನ್ನಿನ ಹಿಡಿತಕ್ಕೆ ಸಿಗದ ಸಂಗತಿಗಳೂ ಕೆಲವು ಇದ್ದವು. ಉತ್ತರಿಸದ ಏಳು ಜನರಲ್ಲಿ ಒಬ್ಬರು ಊರಿಗೆ ಹೋಗಿದ್ದರಂತೆ. 5ರ ಸಂಜೆ ನೋಡಿ ಬಹಳ ಬೇಸರ ಮಾಡಿಕೊಂಡರು. ಒಂದು ದಿನದ ಗಡುವು ಅಂಥವರಿಗೆ ಸಾಲದು. ಆದರೆ ಹಬ್ಬ ಒಂಬತ್ತು ದಿನ ದೂರವಿದ್ದಾಗ ಎರಡು ದಿನ ಕೊಟ್ಟಿದ್ದರೆ ಕೊರಿಯರ್‌ನ ಲೆಕ್ಕ ತಪ್ಪುತ್ತಿತ್ತು. ಇನ್ನೊಂದು ಕಡೆ, ಒಂದೇ ಕಟ್ಟಡದ ಎರಡು ಬೇರೆ ಬೇರೆ ಫ್ಲ್ಯಾಟ್‌ಗಳ ವಿಳಾಸದಿಂದ ಬಂದ ಬುಕಿಂಗ್‌ಗಳ ಹಿಂದೆ ಒಬ್ಬರೇ ಇದ್ದರೆಂದು ಕಾಣುತ್ತದೆ, ಏಕೆಂದರೆ ಎರಡಕ್ಕೂ ಹಣ ಬಂದದ್ದು ಒಂದೇ ಖಾತೆಯಿಂದ. ನಿಯಮದ ಪ್ರಕಾರ ಎರಡು ಮನೆ, ಎರಡು ಸೀರೆ. ನಾವೇ ಬರೆದ ನಿಯಮವನ್ನು ಮಧ್ಯದಲ್ಲಿ ಬಿಗಿಗೊಳಿಸುವುದು ಸರಿಯಲ್ಲವೆಂದು ಎರಡನ್ನೂ ಕೊಟ್ಟೆವು. ಮಡಗಾಂವಿನ ಒಬ್ಬರು ಭರವಸೆ ಇಲ್ಲವೆಂಬ ಸಾಲನ್ನು ಓದಿಯೇ ಕೊಂಡಿದ್ದರು. ಸೀರೆ ಹಬ್ಬದ ಮರುದಿನ ತಲುಪಿತು. ರಥಸಪ್ತಮಿಯ ತನಕ ಸಮಯವಿದೆಯಲ್ಲ ಎಂದು ಅವರೇ ಸಮಾಧಾನದ ಸಂದೇಶ ಕಳುಹಿಸಿದರು. ಪುಣೆಯವರೊಬ್ಬರು ಸೆರಗಿನ ಕೆಂಪು ತಮ್ಮ ಅಕ್ಕ ಡಿಸೆಂಬರಿನಲ್ಲಿ ಕೊಂಡ ಸೀರೆಯಂತಿಲ್ಲ ಎಂದು ಬರೆದರು, ಆಮೇಲೆ ಕ್ಯಾಪ್ಶನ್ನಿನಲ್ಲಿ ಅದನ್ನು ಹೇಳಿತ್ತೆಂದು ತಾವೇ ಕಂಡು ಸೀರೆಯನ್ನು ಇಟ್ಟುಕೊಂಡರು.

ಜೋಡಣೆ ಸಡಿಲವಾಗಿದ್ದ ಸೀರೆಯನ್ನು ಅಕ್ಕ ಕಾಕಾ ಅವರಿಗೆ ಹಿಂದಿರುಗಿಸಲಿಲ್ಲ. ದೋಷವನ್ನು ತೋರಿಸಿ, ಬೆಲೆ ಇಳಿಸಿ, ಅದನ್ನು ಕೈಯಲ್ಲಿ ಹಿಡಿದು ನೋಡಿದ ನೆರೆಯವರಿಗೇ ಕೊಟ್ಟರು. ಅಂತಹ ಸೀರೆಯನ್ನು ಫೋಟೊದ ಮೇಲೆ ಮಾರಬಾರದೆಂಬುದು ಅವರ ಹಳೆಯ ರೂಢಿ.

ಸಂಕ್ರಾಂತಿ ಕಳೆದ ಎರಡನೆಯ ದಿನ ಕಾಕಾ ಫೋನ್ ಮಾಡಿ, ಉಳಿದ ಕಪ್ಪು ನೂಲಿನಲ್ಲಿ ಇನ್ನೂ ಆರು ಸೀರೆ ಆಗುತ್ತವೆ, ರಥಸಪ್ತಮಿಗೆ ಮುನ್ನ ಕಳುಹಿಸಲೇ ಎಂದು ಕೇಳಿದರು. ಕ್ಯಾಪ್ಶನ್ ಬರೆಯಲು ನಾನು ಫೋನ್ ತೆಗೆದೆ. ಅಕ್ಕ ನೋಟುಪುಸ್ತಕ ತೆರೆದು ಹೊಸ ಹೆಸರುಗಳನ್ನು ಎಣಿಸಿದರು, ಎಂಟು ಇದ್ದವು. “ಆರ ಸೀರಿಗೆ ಎಂಟ ಮಂದಿ ಅದಾರ, ಊರಿಗೆಲ್ಲಾ ಯಾಕ ಹೇಳೂದು?” ಎಂದರು. ಆ ಎಂಟು ಜನರಿಗೆ ಹೆಸರು ಬರೆಸಿದ ಕ್ರಮದಲ್ಲಿ ಒಂದೊಂದೇ ಸಂದೇಶ ಹೋಯಿತು. ಇನ್‌ಸ್ಟಾಗ್ರಾಮ್‌ನಲ್ಲಿ ಆ ಸಲ ಏನನ್ನೂ ಹಾಕಲಿಲ್ಲ.